ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕುವ ಮುಂಚೆ ಒಂದು ಪೆನ್‌ಡ್ರೈವ್ ಹಾಕಿ ನೋಡಿ

"ಅಣ್ಣಾ, ಇದನ್ನ ಗುಜರಿಗೆ ಹಾಕಿದ್ರೆ ಎಷ್ಟು ಬರುತ್ತೆ?"

ನಮ್ಮ ಬಳಗದ ಗೆಳೆಯರೊಬ್ಬರ ತಂಗಿ ಹೀಗೆ ಕೇಳುತ್ತಾ ಒಂದು ಲ್ಯಾಪ್‌ಟಾಪ್ ತಂದು ನಮ್ಮ ಮುಂದಿಟ್ಟರು. 2012ರಲ್ಲಿ ಮನೆಯವರು ಕೂಡಿಟ್ಟ ದುಡ್ಡಲ್ಲಿ ತಂದದ್ದು. ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 320 ಜಿಬಿ ಹಾರ್ಡ್‌ಡಿಸ್ಕ್, ಒಳಗೆ ವಿಂಡೋಸ್ 7. ಕೀಲಿಮಣೆ, ಪರದೆ ಎಲ್ಲಾ ಚೆನ್ನಾಗಿಯೇ ಇದೆ. ಆದರೆ ಆನ್ ಮಾಡಿದರೆ ತೆರೆದುಕೊಳ್ಳಲು ಆರು ನಿಮಿಷ. ಸ್ಕಾಲರ್‌ಶಿಪ್ ಅರ್ಜಿ ಹಾಕಲು ಹೋದರೆ ನಿಮ್ಮ ಬ್ರೌಸರ್ ಹಳೆಯದು ಅನ್ನುವ ಸಂದೇಶ. ಡಿಗ್ರಿ ಓದುವ ಹುಡುಗಿ ಅಸೈನ್‌ಮೆಂಟ್ ಅಷ್ಟನ್ನೂ ಮೊಬೈಲಿನ ಪುಟ್ಟ ಪರದೆಯಲ್ಲೇ ಟೈಪ್ ಮಾಡುತ್ತಿದ್ದರು.

ಈ ಲ್ಯಾಪ್‌ಟಾಪ್ ಕೆಟ್ಟಿರಲಿಲ್ಲ. ಅದರೊಳಗಿನ ವಿಂಡೋಸ್‌ಗೆ ವಯಸ್ಸಾಗಿತ್ತು, ಅಷ್ಟೆ. ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ. ಅದರಲ್ಲಿ ಓಡುವ ಕೊನೆಯ ಕ್ರೋಮ್ 109ನೇ ಆವೃತ್ತಿ, ಅಲ್ಲಿಂದ ಮುಂದೆ ಬೆಳೆಯಲೇ ಇಲ್ಲ. ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಇಷ್ಟು ಹಳೇ ಪ್ರೊಸೆಸರನ್ನು ಒಪ್ಪುವುದಿಲ್ಲ. ಅಂಗಡಿಗೆ ಕೊಟ್ಟರೆ ಯಾವುದೋ ನಕಲಿ ವಿಂಡೋಸ್ ತುಂಬಿ ಕೊಡುತ್ತಾರೆ. ಆರು ತಿಂಗಳಿಗೆ ಮತ್ತೆ ಅದೇ ಗೋಳು.

ನಾವು ಅದಕ್ಕೆ ಕ್ರೋಮ್‌ಓಎಸ್ ಫ್ಲೆಕ್ಸ್ ಹಾಕಿದೆವು. ಇದು ಗೂಗಲ್‌ನವರದು, ಉಚಿತ, 2022ರಲ್ಲಿ ಬಂದದ್ದು. ಲ್ಯಾಪ್‌ಟಾಪ್ ಆನ್ ಮಾಡಿದರೆ ಕ್ರೋಮ್ ಬ್ರೌಸರ್ ತೆರೆಯುತ್ತದೆ, ಹೆಚ್ಚುಕಡಿಮೆ ಅದೇ ಇಡೀ ಕಂಪ್ಯೂಟರ್. ಬರೆಯುವುದು, ಮೇಲ್, ವಿಡಿಯೋ ಪಾಠ, ಪಹಣಿ ನೋಡುವುದು, ಅರ್ಜಿ ಹಾಕುವುದು ಎಲ್ಲ ಅದರೊಳಗೇ. ಅಪ್‌ಡೇಟ್ ತಾನೇ ಬರುತ್ತದೆ. ಈಗ ಅದೇ ಲ್ಯಾಪ್‌ಟಾಪ್ ಒಂದು ನಿಮಿಷದೊಳಗೆ ತೆರೆಯುತ್ತದೆ.

ಹಾಗಂತ ಎಲ್ಲರೂ ಹಾಕಿಕೊಳ್ಳಿ ಅಂತ ನಾವು ಹೇಳುವುದಿಲ್ಲ. ಯಾರು ಹಾಕಬೇಕು, ಯಾರು ಮುಟ್ಟಬಾರದು ಅನ್ನುವುದೇ ಇಲ್ಲಿ ಮುಖ್ಯ.

ಮೊದಲು ನಿಮ್ಮ ಲ್ಯಾಪ್‌ಟಾಪ್ ಇದಕ್ಕೆ ಒಗ್ಗುತ್ತದಾ ನೋಡಿ. ವಿಂಡೋಸ್ ಕೀ ಜೊತೆ R ಒತ್ತಿ, ಬಂದ ಡಬ್ಬಿಯಲ್ಲಿ `msinfo32` ಅಂತ ಟೈಪ್ ಮಾಡಿ. ಅಲ್ಲಿ Installed Physical Memory ಅನ್ನುವ ಸಾಲಿನಲ್ಲಿ 4 ಜಿಬಿ ಅಥವಾ ಹೆಚ್ಚು ಇರಬೇಕು. ಪ್ರೊಸೆಸರ್ ಇಂಟೆಲ್ ಅಥವಾ ಎಎಂಡಿಯ 64 ಬಿಟ್ ಆಗಿರಬೇಕು. ಐ3, ಐ5 ಅಂತ ಹೆಸರಿದ್ದರೆ ಚಿಂತೆ ಬೇಡ, ಅವೆಲ್ಲ 64 ಬಿಟ್ಟೇ. ಅದರಲ್ಲಿ 32 ಬಿಟ್ ವಿಂಡೋಸ್ ಹಾಕಿದ್ದರೆ X86 ಅಂತ ತೋರಿಸಿ ಗಾಬರಿ ಮಾಡಿಸುತ್ತದೆ. ಹಾಗಾಗಿ ಆ ಸಾಲನ್ನು ನಂಬುವ ಬದಲು ಪ್ರೊಸೆಸರಿನ ಹೆಸರನ್ನು ನೋಡಿ. 2010ಕ್ಕಿಂತ ಹಿಂದಿನ ಯಂತ್ರವಾದರೆ ಆಸೆ ಬಿಡುವುದೇ ಒಳ್ಳೆಯದು. ಹಳೇ ಪುಟ್ಟ ನೆಟ್‌ಬುಕ್‌ಗಳ ಕೆಲವು ಗ್ರಾಫಿಕ್ಸ್ ಚಿಪ್‌ಗಳಿಗೂ ಇದು ಒಗ್ಗುವುದಿಲ್ಲ. ಗೂಗಲ್ ತಾನು ಪರೀಕ್ಷೆ ಮಾಡಿದ ಮಾಡೆಲ್‌ಗಳ ಪಟ್ಟಿ ಇಟ್ಟಿದೆ, ಪ್ರತಿಯೊಂದಕ್ಕೂ ಎಂದಿನವರೆಗೆ ಬೆಂಬಲ ಅಂತ ಅಲ್ಲೇ ಬರೆದಿದೆ. ಪಟ್ಟಿಯಲ್ಲಿ ಇಲ್ಲದವೂ ಓಡಬಹುದು, ಆದರೆ ಆ ಹೊಣೆ ನಿಮ್ಮದು.

ಇನ್ನು ಪೆನ್‌ಡ್ರೈವ್. 8 ಜಿಬಿ ಅಥವಾ ಹೆಚ್ಚಿನದು ಬೇಕು, ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ. ಹೊಸ ಕ್ರೋಮ್ ಇರುವ ಬೇರೊಂದು ಕಂಪ್ಯೂಟರಿನಲ್ಲಿ ಕ್ರೋಮ್ ವೆಬ್ ಸ್ಟೋರಿಗೆ ಹೋಗಿ Chromebook Recovery Utility ಹಾಕಿಕೊಳ್ಳಿ. ಅದರಲ್ಲಿ Select a model from a list ಒತ್ತಿ, ತಯಾರಕರ ಜಾಗದಲ್ಲಿ Google ChromeOS Flex, ಮಾಡೆಲ್ ಜಾಗದಲ್ಲಿ ChromeOS Flex ಆರಿಸಿ. ಒಂದು ಜಿಬಿಗೂ ಹೆಚ್ಚು ಡೌನ್‌ಲೋಡ್ ಆಗುತ್ತದೆ, ದಿನದ ಡೇಟಾ ಎಷ್ಟು ಉಳಿದಿದೆ ನೋಡಿಕೊಂಡು ಶುರುಮಾಡಿ. ಮುಂದೆ ಆ ಪೆನ್‌ಡ್ರೈವ್ ವಿಂಡೋಸ್‌ನಲ್ಲಿ ಸರಿಯಾಗಿ ಕಾಣದಿದ್ದರೆ ಹಾಳಾಯಿತು ಅಂದುಕೊಳ್ಳಬೇಡಿ. ಅದೇ ಯುಟಿಲಿಟಿಯ ಮೂಲೆಯಲ್ಲಿರುವ ಚಕ್ರದ ಗುರುತು ಒತ್ತಿ Erase recovery media ಕೊಟ್ಟರೆ ಮೊದಲಿನಂತಾಗುತ್ತದೆ.

ಹಳೇ ಲ್ಯಾಪ್‌ಟಾಪನ್ನು ಆಫ್ ಮಾಡಿ, ಪೆನ್‌ಡ್ರೈವ್ ಸಿಕ್ಕಿಸಿ, ಆನ್ ಮಾಡುತ್ತಲೇ ಬೂಟ್ ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ F12, ಎಚ್‌ಪಿಯಲ್ಲಿ F9, ಏಸಸ್‌ನಲ್ಲಿ Esc. ಪೆನ್‌ಡ್ರೈವ್ ಆರಿಸಿದ ಮೇಲೆ ಎರಡು ದಾರಿ ಕಾಣುತ್ತವೆ: ಒಂದು Install ChromeOS Flex, ಇನ್ನೊಂದು Try it first. ನೀವು ಎರಡನೆಯದನ್ನೇ ಒತ್ತಬೇಕು. ಅದರಲ್ಲಿ ಹಾರ್ಡ್‌ಡಿಸ್ಕ್ ಮುಟ್ಟದೆ ಪೆನ್‌ಡ್ರೈವಿನಿಂದಲೇ ಓಡುತ್ತದೆ. ಸ್ವಲ್ಪ ನಿಧಾನ, ಅಪ್‌ಡೇಟೂ ಬರುವುದಿಲ್ಲ, ಆದರೆ ಪರೀಕ್ಷೆಗೆ ಸಾಕು.

ಆ ಪರೀಕ್ಷೆಗೆ ಒಂದು ಇಡೀ ಸಂಜೆ ಕೊಡಿ. ವೈಫೈ ಹಿಡಿಯುತ್ತದಾ, ಸೌಂಡ್ ಬರುತ್ತದಾ, ಕ್ಯಾಮೆರಾ ತೆರೆಯುತ್ತದಾ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತದಾ ನೋಡಿ. ನಮ್ಮ ಲ್ಯಾಪ್‌ಟಾಪಿನಲ್ಲಿ ಮೊದಲ ಸಲ ವೈಫೈ ಪಟ್ಟಿಯೇ ಬರಲಿಲ್ಲ. ಮೊಬೈಲನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದಾಗ ನೆಟ್ ಬಂತು. ಅಂದರೆ ಉಳಿದದ್ದೆಲ್ಲ ಸರಿ, ತೊಂದರೆ ವೈಫೈನದ್ದು ಮಾತ್ರ ಅಂತ ಗೊತ್ತಾಯಿತು. ಕೊನೆಗೆ ನೋಡಿದರೆ ಲ್ಯಾಪ್‌ಟಾಪಿನ ಪಕ್ಕದಲ್ಲಿದ್ದ ವೈಫೈ ಸ್ವಿಚ್ಚೇ ಆಫ್ ಆಗಿತ್ತು! ಸ್ವಿಚ್ ಆನ್ ಇದ್ದೂ ಬರದಿದ್ದರೆ ಆ ಚಿಪ್ಪಿಗೆ ಬೆಂಬಲ ಇಲ್ಲ ಅಂತಲೇ ಅರ್ಥ, ಇನ್‌ಸ್ಟಾಲ್ ಮಾಡಿದ ಮೇಲೂ ಬರುವುದಿಲ್ಲ. ಪೆನ್‌ಡ್ರೈವಿನಿಂದ ಓಡುವಾಗ ಪರದೆ ಕಪ್ಪಾಗಿಯೇ ಉಳಿದರೆ ಗ್ರಾಫಿಕ್ಸ್ ಒಗ್ಗಿಲ್ಲ, ಅಲ್ಲಿಗೇ ಬಿಡಿ.

ಎಲ್ಲಾ ಸರಿಯಿದೆ, ಇನ್ನೇನು ಇನ್‌ಸ್ಟಾಲ್ ಒತ್ತಬೇಕು ಅನ್ನುವಾಗ ನಾವು ಒಂದು ಮಾತು ಕೇಳಿದೆವು: "ಇದರಲ್ಲಿ ಬೇಕಾದದ್ದೇನಾದರೂ ಇದೆಯೇನಮ್ಮಾ?"

"ಇದೆ ಅಣ್ಣಾ, ಅಜ್ಜಿ ಫೋಟೊ ಎಲ್ಲಾ ಇದರಲ್ಲೇ ಇರೋದು. ಆದ್ರೆ ಅವು ಡಿ ಡ್ರೈವಲ್ಲಿದಾವೆ, ಏನಾಗಲ್ಲ ಬಿಡಿ."

ನಮ್ಮ ಕೈ ಅಲ್ಲೇ ನಿಂತಿತು. ವಿಂಡೋಸ್ ಮತ್ತೆ ಹಾಕಿಸುವಾಗ ಅಂಗಡಿಯವರು ಸಿ ಡ್ರೈವ್ ಮಾತ್ರ ಅಳಿಸುತ್ತಾರೆ, ಡಿ ಉಳಿಯುತ್ತದೆ. ನಮ್ಮೂರುಗಳಲ್ಲಿ ಎಲ್ಲರಿಗೂ ಅದೇ ರೂಢಿ. ಫ್ಲೆಕ್ಸ್ ಹಾಗಲ್ಲ. ಅದು ಇಡೀ ಡಿಸ್ಕನ್ನೇ ಅಳಿಸುತ್ತದೆ. ಸಿ, ಡಿ, ಇ ಯಾವುದೂ ಉಳಿಯುವುದಿಲ್ಲ. ವಿಂಡೋಸ್ ಒಂದು ಕಡೆ, ಫ್ಲೆಕ್ಸ್ ಒಂದು ಕಡೆ ಇಟ್ಟುಕೊಳ್ಳಲೂ ಅದು ಬಿಡುವುದಿಲ್ಲ. ಹಾಗಾಗಿ ಮತ್ತೆ ವಿಂಡೋಸ್ ತೆರೆದು, ಫೋಟೊಗಳನ್ನು ಬೇರೆ ಪೆನ್‌ಡ್ರೈವಿಗೆ ಹಾಕಿ, ಅವು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆಯುತ್ತವಾ ಅಂತ ನೋಡಿದ ಮೇಲೆಯೇ ಮುಂದುವರಿದೆವು. ಆ ಎರಡು ಗಂಟೆ ದಂಡವಲ್ಲ.

ಹಾಗೆಯೇ ನುಡಿಯಲ್ಲೋ ಬರಹದಲ್ಲೋ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳಿದ್ದರೆ ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಫ್ಲೆಕ್ಸ್‌ನಲ್ಲಿ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಹೊಸದಾಗಿ ಕನ್ನಡ ಟೈಪ್ ಮಾಡಲು ತೊಂದರೆಯಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಇನ್‌ಪುಟ್ ಸೇರಿಸಿಕೊಂಡರೆ namaskara ಅಂತ ಒತ್ತಿದಾಗ ನಮಸ್ಕಾರ ಬರುತ್ತದೆ.

ಈಗ ಯಾರು ಮುಟ್ಟಬಾರದು ಅನ್ನುವ ಮಾತು. ಟ್ಯಾಲಿಯಲ್ಲಿ ಲೆಕ್ಕ ಇಡುವ ಅಂಗಡಿಯವರು, ಬೆರಳಚ್ಚು ಯಂತ್ರ ಅಥವಾ ಡಿಜಿಟಲ್ ಸಹಿಯ ಡಾಂಗಲ್ ಬಳಸುವ ಸೇವಾ ಕೇಂದ್ರದವರು, ನುಡಿಯಲ್ಲೇ ಪುಟ ಕಟ್ಟುವ ಡಿಟಿಪಿಯವರು ಇದನ್ನು ಹಾಕಬೇಡಿ. ವಿಂಡೋಸ್ ಸಾಫ್ಟ್‌ವೇರ್ ಇದರಲ್ಲಿ ಓಡುವುದಿಲ್ಲ. ಗೂಗಲ್‌ನದೇ ಆದರೂ ಪ್ಲೇ ಸ್ಟೋರ್ ಇಲ್ಲ, ಮೊಬೈಲ್ ಆ್ಯಪ್‌ಗಳೂ ಬರುವುದಿಲ್ಲ. ಹಳೇ ಪ್ರಿಂಟರ್ ಇದ್ದವರು ಪರೀಕ್ಷೆಯ ಸಂಜೆಯೇ ಒಂದು ಹಾಳೆ ಪ್ರಿಂಟ್ ಮಾಡಿ ನೋಡಿ. ನಮ್ಮ ಕಚೇರಿಯ ಹಳೇ ಲೇಸರ್ ಪ್ರಿಂಟರ್ ಕೇಬಲ್ ಸಿಕ್ಕಿಸಿದರೂ ಒಲಿಯಲೇ ಇಲ್ಲ. ಪಿಡಿಎಫ್ ಮಾಡಿ ಜೆರಾಕ್ಸ್ ಅಂಗಡಿಗೆ ಕಳಿಸುವುದೇ ನಮ್ಮ ದಾರಿಯಾಯಿತು.

ರ‍್ಯಾಮ್ 2 ಜಿಬಿ ಮಾತ್ರ ಇದ್ದರೆ ಹಗುರ ಲಿನಕ್ಸ್ ನೋಡಬಹುದು. ಅದರಲ್ಲಿ ಸ್ವಾತಂತ್ರ್ಯ ಹೆಚ್ಚು, ಆದರೆ ಏನಾದರೂ ತಪ್ಪಿದರೆ ಸರಿಮಾಡಲು ತಿಳಿದವರೊಬ್ಬರು ಹತ್ತಿರ ಇರಬೇಕು. ಊರಿನಲ್ಲಿ ಅಂಥವರು ಸಿಗುವುದು ಕಷ್ಟ ಅನ್ನುವ ಒಂದೇ ಕಾರಣಕ್ಕೆ ವಿದ್ಯಾರ್ಥಿಗಳ ಮನೆಗೆ ನಾವು ಫ್ಲೆಕ್ಸ್‌ನ ಪರ.

ಹಾಕಿದ ಮೇಲೆ ಎರಡು ಎಚ್ಚರಿಕೆ. 4 ಜಿಬಿ ರ‍್ಯಾಮಿನಲ್ಲಿ ಏಳೆಂಟು ಟ್ಯಾಬ್ ತೆರೆದರೆ ಹಿಂದಿನ ಟ್ಯಾಬ್ ತಾನೇ ಮತ್ತೆ ಲೋಡ್ ಆಗುತ್ತದೆ, ಅರ್ಧ ತುಂಬಿದ ಅರ್ಜಿ ಖಾಲಿಯಾಗುತ್ತದೆ. ಅರ್ಜಿ ತುಂಬುವಾಗ ಬೇರೆಲ್ಲ ಮುಚ್ಚಿ. ಕರೆಂಟು, ನೆಟ್ ಹೋಗುವ ಊರಾದರೆ ಗೂಗಲ್ ಡಾಕ್ಸ್‌ನ ಆಫ್‌ಲೈನ್ ಸೌಲಭ್ಯವನ್ನು ನೆಟ್ ಇರುವಾಗಲೇ ಆನ್ ಮಾಡಿಡಿ. ಹೋದ ಮೇಲೆ ಹುಡುಕಿದರೆ ಬರುವುದಿಲ್ಲ.

ನಮಗೆ ನಿಜವಾದ ಆತಂಕ ಇರುವುದು ಬೇರೆ ಕಡೆ. ಈ ಯಂತ್ರದಲ್ಲಿ ಎಲ್ಲವೂ ಒಂದು ಗೂಗಲ್ ಖಾತೆಗೆ ಕಟ್ಟಿಕೊಳ್ಳುತ್ತದೆ. ಉಚಿತ ಜಾಗ 15 ಜಿಬಿ, ಅದರಲ್ಲೇ ಮೇಲು, ಫೋಟೊ, ಡ್ರೈವ್ ಎಲ್ಲವೂ. ನಮ್ಮಲ್ಲಿ ಆ ಖಾತೆ ಹೆಚ್ಚಾಗಿ ಮೊಬೈಲ್ ಅಂಗಡಿಯ ಹುಡುಗ ಮಾಡಿಕೊಟ್ಟದ್ದು. ಪಾಸ್‌ವರ್ಡ್ ಅವನಿಗೇ ಗೊತ್ತು, ಜೋಡಿಸಿದ ಸಿಮ್ ರೀಚಾರ್ಜ್ ಇಲ್ಲದೆ ಸತ್ತು ವರ್ಷವಾಗಿದೆ. ಅಂಥ ಖಾತೆಯ ಮೇಲೆ ಮಗಳ ಮೂರು ವರ್ಷದ ಓದನ್ನು ಇಡಬೇಡಿ. ಆಕೆಯದೇ ಹೊಸ ಖಾತೆ ಮಾಡಿಸಿ, ಈಗ ನಡೆಯುತ್ತಿರುವ ನಂಬರ್ ಕೊಡಿ, ಬ್ಯಾಕಪ್ ಕೋಡ್‌ಗಳನ್ನು ಹಾಳೆಯಲ್ಲಿ ಬರೆದು ಪಹಣಿ, ಪಾಸ್‌ಬುಕ್ ಇಡುವ ಕಡೆಯೇ ಇಡಿ. ಅಕ್ಕಪಕ್ಕದವರು ಕೇಳಿದರೆ ಗೆಸ್ಟ್ ಮೋಡ್ ತೆರೆದುಕೊಡಿ, ಎದ್ದುಹೋದ ಮೇಲೆ ಅವರ ಗುರುತು ಉಳಿಯುವುದಿಲ್ಲ. ಅವರು ಡೌನ್‌ಲೋಡ್ ಮಾಡಿದ್ದೂ ಉಳಿಯುವುದಿಲ್ಲ, ಅದನ್ನು ಮೊದಲೇ ಹೇಳಿಬಿಡಿ.

ಅಜ್ಜಿಯ ಫೋಟೊಗಳು ಈಗ ಎರಡು ಪೆನ್‌ಡ್ರೈವಿನಲ್ಲಿವೆ. ಒಂದು ಅವರ ಮನೆಯಲ್ಲಿ, ಇನ್ನೊಂದು ಅವರ ಅತ್ತೆಯ ಮನೆಯ ಬೀರುವಿನಲ್ಲಿ. ಕ್ಲೌಡ್‌ಗೆ ಹಾಕಿದ್ದೇವೆ ಅಂತ ಅವನ್ನು ಅಳಿಸಬೇಡಿ ಅಂತ ಹೇಳಿ ಬಂದಿದ್ದೇವೆ.