ಮೂರು ಪೇಟೆ, ಒಂದೇ ರೇಟು

ಕಳೆದ ಸೀಸನ್‌ನಲ್ಲಿ ಒಂದು ಸಂಜೆ ಊರಿನಿಂದ ಅಪ್ಪಯ್ಯನ ಫೋನ್ ಬಂತು. "ಏನೋ ಮಾರಾಯ, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರರಲ್ಲೂ ರಾಶಿಗೆ ಒಂದೇ ರೇಟಾ? ನಾ ಅಡಿಕೆ ಮಾರೋಕೆ ಶುರು ಮಾಡಿದ್ಮೇಲೆ ಹೀಗಾಗಿದ್ದು ನೋಡಿಲ್ಲ."

ರೇಟು ಕಳಿಸಿದ್ದು ನಾನೇ. ನಾನೇ ಅಂದ್ರೆ, ನಾನು ಬರೆದ ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್. ನೆಂಟರ ಗ್ರೂಪಿನಲ್ಲಿ ದಿನಾ ಸಂಜೆ ಮೂರೂ ಪೇಟೆಯ ಧಾರಣೆ ಬರ್ತದೆ. ಅದನ್ನ ಕಾಪಿ ಮಾಡಿ ಸ್ಕ್ರಿಪ್ಟಿಗೆ ಕೊಟ್ರೆ ಪೇಟೆವಾರು ರೇಟು ಬಿಡಿಸಿ, ಅಪ್ಪಯ್ಯನಿಗೆ ಓದೋಕೆ ಸುಲಭ ಆಗೋ ಹಾಗೆ ಪಟ್ಟಿ ಮಾಡಿಕೊಡ್ತದೆ. ಎರಡು ತಿಂಗಳು ಸರಿಯಾಗೇ ನಡೆದಿತ್ತು.

ಆ ದಿನದ ಮೆಸೇಜ್ ಹೀಗಿತ್ತು. (ಅಂಕಿಗಳನ್ನು ಉದಾಹರಣೆಗೆ ಅಂತ ನಾನೇ ಹಾಕಿದ್ದೇನೆ, ಇವತ್ತಿನ ಧಾರಣೆ ಅಂದುಕೊಳ್ಳಬೇಡಿ.)

```
ಸಾಗರ: ರಾಶಿ [48100] ಬೆಟ್ಟೆ [53200] | ಹೊಸನಗರ: ರಾಶಿ [48600] | ತೀರ್ಥಹಳ್ಳಿ: ರಾಶಿ [47900] ಬೆಟ್ಟೆ [54000]
```

ಸಾಗರದ ರಾಶಿ ರೇಟು ಹುಡುಕೋಕೆ ನಾನು ಬರೆದಿದ್ದ ರೆಗ್ಯುಲರ್ ಎಕ್ಸ್‌ಪ್ರೆಶನ್ ಇದು:

```
m = re.search(r"ಸಾಗರ.*ರಾಶಿ \[(\d+)\]", msg)
```

ಓದೋಕೆ ಎಷ್ಟು ಸರಳ ನೋಡಿ. "ಸಾಗರ" ಅಂತ ಇರಬೇಕು, ಆಮೇಲೆ ಏನಾದ್ರೂ ಇರಲಿ, ಆಮೇಲೆ "ರಾಶಿ", ಆಮೇಲೆ ಚೌಕ ಕಂಸದೊಳಗಿನ ಅಂಕಿ. ಬರಬೇಕಿದ್ದದ್ದು 48100. ಬಂದದ್ದು 47900, ಅಂದ್ರೆ ತೀರ್ಥಹಳ್ಳಿ ರೇಟು. ಹೊಸನಗರಕ್ಕೂ ಅದೇ 47900.

ತಪ್ಪು ಇದ್ದದ್ದು "ಏನಾದ್ರೂ ಇರಲಿ" ಅನ್ನೋ `.*` ಭಾಗದಲ್ಲಿ. ನಾವು ಅದನ್ನು "ಮುಂದಿನ ರಾಶಿ ಸಿಗೋವರೆಗೆ" ಅಂತ ಓದ್ತೇವೆ. ಯಂತ್ರ ಹಾಗೆ ಓದೋದಿಲ್ಲ. ಅದು ಎಲ್ಲಿ ಇಳಿಯಬೇಕು ಅಂತ ಕೇಳದೆ ಬಸ್ಸಿನಲ್ಲಿ ಕೂತು ಸೀದಾ ಕೊನೆ ಸ್ಟಾಪಿಗೆ ಹೋಗುವವನ ಹಾಗೆ. ಮೊದಲು ಸಾಲಿನ ಕೊನೆಯವರೆಗೂ ಎಲ್ಲ ಅಕ್ಷರಗಳನ್ನೂ ನುಂಗ್ತದೆ. ಅಲ್ಲಿ "ರಾಶಿ" ಸಿಗೋದಿಲ್ಲ, ಯಾಕಂದ್ರೆ ಸಾಲೇ ಮುಗಿದಿದೆ. ಆಗ ಒಂದೊಂದೇ ಅಕ್ಷರ ಹಿಂದಕ್ಕೆ ಬಿಟ್ಟುಕೊಡ್ತಾ ಬರ್ತದೆ. ಹಾಗೆ ಹಿಂದೆ ಬರುವಾಗ ಮೊದಲು ಎದುರಾಗೋ "ರಾಶಿ" ಯಾವುದು? ಸಾಲಿನ ಕಟ್ಟಕಡೆಯದು. ಅದು ತೀರ್ಥಹಳ್ಳಿಯದು. ಪ್ಯಾಟರ್ನ್ ಹೊಂದಿತು, ಕೆಲಸ ಮುಗೀತು. ಎಲ್ಲಿಂದ ಶುರು ಮಾಡಿದರೂ ಕೊನೆಗೆ ನಿಲ್ಲೋದು ಅಲ್ಲೇ ಆದ್ದರಿಂದ ಮೂರೂ ಪೇಟೆಗೆ ಒಂದೇ ಉತ್ತರ. ಎಷ್ಟು ಸಾಧ್ಯವೋ ಅಷ್ಟು ಬಾಚಿಕೊಳ್ಳೋ ಈ ಗುಣಕ್ಕೇ `*`, `+` ಇವನ್ನೆಲ್ಲ ಗ್ರೀಡಿ ಅಂತಾರೆ.

ಹಾಗಾದ್ರೆ ಎರಡು ತಿಂಗಳು ಹೇಗೆ ಸರಿಯಾಗಿತ್ತು? ಅದುವರೆಗೆ ಮೆಸೇಜ್ ಕಳಿಸ್ತಿದ್ದವರು ಒಂದೊಂದು ಪೇಟೆಯನ್ನು ಒಂದೊಂದು ಸಾಲಿನಲ್ಲಿ ಬರೀತಿದ್ದರು. ಪೈಥಾನ್‌ನಲ್ಲಿ ಚುಕ್ಕಿ, ಬೇರೆ ಆಯ್ಕೆ ಕೊಡದಿದ್ದರೆ, ಸಾಲು ಮುರಿಯುವ ಚಿಹ್ನೆಯನ್ನು ದಾಟೋದಿಲ್ಲ. ಹಾಗಾಗಿ ನನ್ನ `.*` ಎಷ್ಟೇ ಆಸೆಬುರುಕನಾದ್ರೂ ಸಾಗರದ ಸಾಲಿನೊಳಗೇ ಇರ್ತಿತ್ತು. ಆವತ್ತು ಬೇರೆ ಯಾರೋ ಎಲ್ಲವನ್ನೂ ಒಂದೇ ಸಾಲಿಗೆ ತಂದು ನಡುವೆ ಗೀಟು ಹಾಕಿದರು. ತಪ್ಪು ಮೊದಲಿಂದಲೂ ಇತ್ತು, ಕಾಣಿಸಿದ್ದು ಆವತ್ತು.

ಇದಕ್ಕೆ ಎಲ್ಲರೂ ಹೇಳೋ ಔಷಧಿ ಒಂದಿದೆ: `*` ಆದಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ. ಪರ್ಲ್ 5 ತಂದ ಈ `.*?` ಈಗ ಪೈಥಾನ್, ಜಾವಾಸ್ಕ್ರಿಪ್ಟ್ ಎಲ್ಲದರಲ್ಲೂ ಇದೆ. ಇದು ಸೋಮಾರಿ. ಮೊದಲು ಏನನ್ನೂ ನುಂಗದೆ ನಿಂತು, "ರಾಶಿ ಸಿಕ್ತಾ?" ಅಂತ ನೋಡ್ತದೆ. ಸಿಗದಿದ್ರೆ ಮಾತ್ರ ಒಂದು ಅಕ್ಷರ ಮುಂದೆ. ನಾನೂ ಅದನ್ನೇ ಹಾಕಿದೆ. ಸಾಗರ 48100, ಹೊಸನಗರ 48600, ತೀರ್ಥಹಳ್ಳಿ 47900. ಎಲ್ಲ ಸರಿ ಅಂತ ಲ್ಯಾಪ್‌ಟಾಪ್ ಮುಚ್ಚಿದೆ.

ನಿಜವಾಗಿ ಪೆಟ್ಟು ಬಿದ್ದದ್ದು ಅಲ್ಲಿ. ಮಾರನೇ ವಾರ ಪಟ್ಟಿಯಲ್ಲಿ ಹೊಸನಗರದ ಬೆಟ್ಟೆಗೆ ಒಳ್ಳೆ ರೇಟು ಬಂತು. ಸಾಗರಕ್ಕಿಂತ ಕ್ವಿಂಟಲ್‌ಗೆ 800 ರೂಪಾಯಿ ಹೆಚ್ಚು. ಅಪ್ಪಯ್ಯ ಪಿಕಪ್ ಕರೆಸಿ ನಾಲ್ಕು ಕ್ವಿಂಟಲ್ ಬೆಟ್ಟೆ ಹೇರಿಸಿಬಿಟ್ಟರು. ಹೊರಡೋ ಮೊದಲು ಪರಿಚಯದ ಮಂಡಿಗೆ ಫೋನ್ ಮಾಡಿದಾಗ ಗೊತ್ತಾಯ್ತು, ಹೊಸನಗರದಲ್ಲಿ ಹಿಂದಿನ ದಿನ ಬೆಟ್ಟೆ ವ್ಯಾಪಾರವೇ ಆಗಿಲ್ಲ!

ಮೇಲಿನ ಮೆಸೇಜನ್ನೇ ಇನ್ನೊಮ್ಮೆ ನೋಡಿ. ಅದರಲ್ಲೂ ಹೊಸನಗರಕ್ಕೆ ರಾಶಿ ಮಾತ್ರ ಇದೆ. `ಹೊಸನಗರ.*?ಬೆಟ್ಟೆ \[(\d+)\]` ಅಂತ ಹುಡುಕಿದ್ರೆ ಸೋಮಾರಿ ಒಂದೊಂದೇ ಹೆಜ್ಜೆ ಇಡ್ತಾ, ಗೀಟನ್ನೂ ದಾಟಿ, ತೀರ್ಥಹಳ್ಳಿಯ ಬೆಟ್ಟೆ 54000 ತಂದುಕೊಡ್ತದೆ. ಸೋಮಾರಿ ಅಂದ್ರೆ ಬೇಗ ನಿಲ್ಲೋದಕ್ಕೆ ಇಷ್ಟಪಡ್ತಾನೆ ಅಂತ ಮಾತ್ರ. ಎಲ್ಲಿ ದಾಟಬಾರದು ಅಂತ ಅವನಿಗೂ ಯಾರೂ ಹೇಳಿಲ್ಲ. ಹೊಂದೋ ಜಾಗ ಸಿಗೋವರೆಗೆ ಅವನೂ ನಡೆದೇ ನಡೀತಾನೆ. ಮೊದಲ ತಪ್ಪಿನಲ್ಲಿ ಮೂರು ರೇಟೂ ಒಂದೇ ಆಗಿ ಅಪ್ಪಯ್ಯನ ಕಣ್ಣಿಗೆ ಬಿತ್ತು. ಈ ಎರಡನೇದು ನಂಬುವಂತಿತ್ತು, ಅದಕ್ಕೇ ಪಿಕಪ್ ಬಾಡಿಗೆ ನನ್ನ ಜೇಬಿನಿಂದ ಹೋಯ್ತು.

ಬೇಕಾಗಿದ್ದದ್ದು ಬೇಲಿ. ಪಕ್ಕದ ತೋಟಕ್ಕೆ ದನ ನುಗ್ಗಬಾರದು ಅಂದ್ರೆ ದನಕ್ಕೆ ನಿಧಾನ ಹೋಗು ಅಂತ ಹೇಳಿ ಪ್ರಯೋಜನ ಇಲ್ಲ.

```
r"ಹೊಸನಗರ[^|\n]*ಬೆಟ್ಟೆ \[(\d+)\]"
```

`[^|\n]` ಅಂದ್ರೆ ಗೀಟು ಮತ್ತು ಸಾಲಿನ ಕೊನೆ ಬಿಟ್ಟು ಬೇರೆ ಯಾವ ಅಕ್ಷರವಾದ್ರೂ ಸರಿ. ಇದರ ಮುಂದಿನ `*` ಈಗಲೂ ಗ್ರೀಡಿಯೇ, ಆದರೆ ಬಾಚಿಕೊಳ್ಳೋದು ಬೇಲಿಯೊಳಗೆ ಮಾತ್ರ. ಹೊಸನಗರದ ಪಾಲಿನಲ್ಲಿ ಬೆಟ್ಟೆ ಇಲ್ಲದಿದ್ರೆ ಉತ್ತರ `None`. ಈಗ ಸ್ಕ್ರಿಪ್ಟ್ ಅಲ್ಲಿ "ವ್ಯಾಪಾರ ಇಲ್ಲ" ಅಂತ ಬರೀತದೆ. `\n` ಮರೀಬೇಡಿ. ಚುಕ್ಕಿಯ ಹಾಗಲ್ಲ, `[^|]` ಸಾಲನ್ನೂ ಸಲೀಸಾಗಿ ದಾಟ್ತದೆ. ಬರೀ ಗೀಟಿನ ಬೇಲಿ ಹಾಕಿದ್ರೆ ಹಳೇ ಮಾದರಿಯ, ಸಾಲು ಸಾಲಾದ ಮೆಸೇಜ್ ಬಂದ ದಿನ ಅದೇ ಕಥೆ.

ಈ ಬೇಲಿಗೂ ಮಿತಿ ಇದೆ. ನಾಳೆ ಯಾರಾದ್ರೂ ಗೀಟಿನ ಬದಲು ಬರೀ ಅಲ್ಪವಿರಾಮ ಹಾಕಿದ್ರೆ ಮತ್ತೆ ಬಯಲೇ. ಅದಕ್ಕೆ ಈಗ ಎರಡು ಅಭ್ಯಾಸ ಮಾಡಿಕೊಂಡಿದ್ದೇನೆ. ಒಂದು, ಪರೀಕ್ಷೆ ಮಾಡುವಾಗ `m.group(1)` ಮಾತ್ರ ನೋಡೋದಿಲ್ಲ, `m.group(0)` ಪ್ರಿಂಟ್ ಮಾಡಿ ಒಟ್ಟು ಎಷ್ಟು ನುಂಗಿದೆ ಅಂತ ನೋಡ್ತೇನೆ. ಅದರಲ್ಲಿ ಎರಡು ಊರಿನ ಹೆಸರು ಕಂಡರೆ ಅಲ್ಲೇ ಗೊತ್ತಾಗ್ತದೆ. ಎರಡು, ಎಲ್ಲ ಇರುವ ಮೆಸೇಜಿನ ಜೊತೆಗೆ, ಬೇಕಾದ್ದು ಇಲ್ಲದಿರುವ ಮೆಸೇಜನ್ನೂ ಕೊಟ್ಟು ನೋಡ್ತೇನೆ. ಹೊಸನಗರದ ಬೆಟ್ಟೆಯನ್ನು ಮೊದಲೇ ಹಾಗೆ ನೋಡಿದ್ದರೆ ಪಿಕಪ್ ಬರ್ತಿರಲಿಲ್ಲ.

ಅಪ್ಪಯ್ಯನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿ, "ಪಟ್ಟಿ ಕಳಿಸ್ತಾ ಇರು, ನಾ ಮಂಡಿಗೂ ಒಂದು ಫೋನ್ ಮಾಡ್ಕೋತೀನಿ" ಅಂದರು.