ಹೆಣ್ಣೊಪ್ಪಿಸುವಾಗ ಅಪ್ಪ ಯಾಕೆ ಕ್ಷಮೆ ಕೇಳಬೇಕು?

(1/5)
ನಿಮ್ಮ ಫೀಡ್‌ನಲ್ಲೂ ಬಂದಿರುತ್ತೆ. ಫಾರಿನ್ ಮದುವೆ, ಊಟ ಆದ್ಮೇಲೆ ಸೂಟ್ ಹಾಕಿದ ಅಪ್ಪ ಎದ್ದು ನಿಂತು ಮಗಳ ಬಗ್ಗೆ ಮಾತಾಡ್ತಾರೆ. ಮೊದಲು ಎಲ್ಲರೂ ನಗ್ತಾರೆ, ಕೊನೆಗೆ ಎಲ್ಲರೂ ಕಣ್ಣೊರೆಸ್ಕೊತಾರೆ. ಕೆಳಗೆ ನಮ್ಮವರದೇ ಕಾಮೆಂಟ್: "ನಮ್ಮಲ್ಲಿ ಇದೆಲ್ಲ ಎಲ್ಲಿದೆ ಗುರು."

ಇದೆ. ನಾವು ಗಮನಿಸಿಲ್ಲ ಅಷ್ಟೆ.

ಮುಹೂರ್ತ, ಊಟ ಎಲ್ಲ ಮುಗಿದು ಅರ್ಧ ಛತ್ರ ಖಾಲಿಯಾದ ಮೇಲೆ ಹೆಣ್ಣೊಪ್ಪಿಸೋ ಶಾಸ್ತ್ರ ಇರುತ್ತಲ್ಲ, ಅದೇ ಆ ಜಾಗ. ನಮ್ಮ ಮನೆಗಳಲ್ಲಿ ತಟ್ಟೆಯಲ್ಲಿ ಹಾಲು ಇಟ್ಟು, ಹುಡುಗಿ ಕೈ ಅದರಲ್ಲಿ ಅದ್ದಿಸಿ, ಅತ್ತೆ ಮಾವನ ಕೈಗೆ ಕೊಡ್ತಾರೆ. ಅಜ್ಜಿಯರು ಹಾಡ್ತಾರೆ. ಎಷ್ಟೋ ಕಡೆ ವಿ. ಸೀತಾರಾಮಯ್ಯನವರು ಈ ಹೊತ್ತಿನ ಬಗ್ಗೆಯೇ ಬರೆದ ಕವಿತೆ ಹಾಡ್ತಾರೆ. ಹಾಡು ನಿಂತಾಗ ಹುಡುಗಿ ಅಪ್ಪ ಮಾತಾಡಬೇಕು. ಅವರು ಮಾತಾಡೋದು ಅರ್ಧ ನಿಮಿಷ. ಅದೂ ಸಾಮಾನ್ಯವಾಗಿ ಹೀಗೆ:

"ನಮ್ಮ ಹುಡುಗಿಗೆ ಏನೂ ತಿಳಿಯಲ್ಲ. ಮುದ್ದಾಗಿ ಬೆಳೆಸಿಬಿಟ್ವಿ. ತಪ್ಪು ಮಾಡಿದ್ರೆ ನಿಮ್ಮ ಮಗಳು ಅಂದ್ಕೊಂಡು ತಿದ್ದಿಕೊಳ್ಳಿ. ನಮ್ಮಿಂದ ಏನಾದ್ರೂ ಕಮ್ಮಿ ಆಗಿದ್ರೆ ಹೊಟ್ಟೆಗೆ ಹಾಕೊಳ್ಳಿ."

ಇದರಲ್ಲಿ ಪ್ರೀತಿ ಇಲ್ಲ ಅಂತ ನಾನು ಹೇಳ್ತಿಲ್ಲ. ಅಪ್ಪನ ಗಂಟಲು ನಿಜವಾಗಿಯೂ ಕಟ್ಟಿರುತ್ತೆ. ಆದ್ರೆ ಮಾತು ಮಾತ್ರ ನೋಡಿ: ಪೂರ್ತಿ ಕ್ಷಮಾಪಣೆ. ಇಪ್ಪತ್ತೈದು ವರ್ಷದ, ಓದಿದ, ದುಡಿಯೋ ಹುಡುಗಿಯನ್ನ "ಏನೂ ತಿಳಿಯಲ್ಲ" ಅಂತ ಪರಿಚಯ ಮಾಡಿಸೋದು.

ನನ್ನ ಅಭಿಪ್ರಾಯ ಇಷ್ಟೇ. ಫಾರಿನ್ ಭಾಷಣ ತರೋದು ಬೇಡ. ಜಾಗ ನಮ್ಮ ಹತ್ರವೇ ಇದೆ, ಅಲ್ಲಿ ಆಡೋ ಮಾತು ಬದಲಾಗಬೇಕು.

(2/5)
ಈ ಭಾಷಣ ಎಷ್ಟು ಹಳೇದು ಗೊತ್ತಾ? ಕಾಳಿದಾಸನ ಶಾಕುಂತಲ ನಾಟಕದ ನಾಲ್ಕನೇ ಅಂಕ ಇದೇ. ಮೈಸೂರಿನ ಬಸವಪ್ಪ ಶಾಸ್ತ್ರಿಗಳು ಅದನ್ನ ಕನ್ನಡಕ್ಕೆ ತಂದು "ಅಭಿನವ ಕಾಳಿದಾಸ" ಅನ್ನಿಸಿಕೊಂಡವರು. ಸಾಕುಮಗಳು ಶಕುಂತಲೆ ಗಂಡನ ಮನೆಗೆ ಹೊರಟಿದ್ದಾಳೆ, ಸಾಕುತಂದೆ ಕಣ್ವ ಋಷಿ ಮಾತಾಡ್ತಾರೆ.

ಶುರು ಚೆನ್ನಾಗಿದೆ. ಕಾಡಲ್ಲಿರೋ ನನಗೇ ಇಷ್ಟು ಸಂಕಟ ಆದ್ರೆ ಸಂಸಾರಸ್ಥರ ಪಾಡೇನು ಅಂತಾರೆ. ಅದು ಪ್ರಾಮಾಣಿಕ ಮಾತು. ಆಮೇಲೆ ಅಳಿಯನಿಗೆ ಸಂದೇಶ: ಉಳಿದ ರಾಣಿಯರ ಜೊತೆ ಇವಳನ್ನೂ ಸಮವಾಗಿ ನೋಡು, ಇದಕ್ಕಿಂತ ಹೆಚ್ಚು ಹೆಣ್ಣಿನ ಕಡೆಯವರು ಹೇಳಬಾರದು. ನೋಡಿ, ಆ ಸಂಕೋಚ ಆಗಲೇ ಇತ್ತು. ಮಗಳಿಗೆ ಉಪದೇಶ: ಹಿರಿಯರ ಸೇವೆ ಮಾಡು, ಗಂಡ ಸಿಟ್ಟಾದ್ರೂ ತಿರುಗಿ ಬೀಳಬೇಡ. ಅವಳು ಹೊರಟ ಮೇಲೆ ಕೊನೇ ಮಾತು: ಹೆಣ್ಣು ಅಂದ್ರೆ ಬೇರೆಯವರ ಸೊತ್ತು, ಕಳಿಸಿ ಠೇವಣಿ ವಾಪಸ್ ಕೊಟ್ಟಷ್ಟು ಹಗುರ ಆಯ್ತು.

ನಾವು ಬಿಕಾಂನವರು. ಬೇರೆಯವರಿಂದ ಬಂದ ಠೇವಣಿ ಬ್ಯಾಲೆನ್ಸ್ ಶೀಟಲ್ಲಿ ಯಾವ ಕಡೆ ಬರುತ್ತೆ? ಲಯಬಿಲಿಟಿ. ಮಗಳು ಅಪ್ಪನ ಲೆಕ್ಕದಲ್ಲಿ ತೀರಿಸಬೇಕಾದ ಬಾಕಿ.

ಇದು ಬರೀ ಮಾತಲ್ವಾ ಅಂತೀರಾ? ಐದನೇ ಅಂಕ ಓದಿ. ಶಾಪದಿಂದಾಗಿ ದುಷ್ಯಂತನಿಗೆ ಮರೆತು ಹೋಗಿದೆ, "ಇವಳು ಯಾರೋ ಗೊತ್ತಿಲ್ಲ" ಅಂತಾನೆ. ಬಸುರಿ ಹೆಂಗಸು ಅಳ್ತಾ, ಜೊತೆಗೆ ಬಂದ ಆಶ್ರಮದವರ ಹಿಂದೆ ಹೊರಡ್ತಾಳೆ. ಅವರೇ ತಡೀತಾರೆ. ಗಂಡನ ಮನೆಯಲ್ಲಿ ದಾಸಿಯಾಗಿದ್ರೂ ಸರಿ, ಇಲ್ಲೇ ಇರು ಅಂತ ಬಿಟ್ಟು ಹೋಗ್ತಾರೆ. ಕಳಿಸೋವಾಗ "ವಾಪಸ್ ಕೊಟ್ಟೆ" ಅಂದ ಮೇಲೆ ಬಾಗಿಲು ಮುಚ್ಚಿದ ಹಾಗೇ.

ನಮ್ಮಲ್ಲಿ ಅದಕ್ಕೆ ಗಾದೆಯೇ ಇದೆ: ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ.

(3/5)
ಈಗ ನಮ್ಮನೆ ಕಥೆ. ನಮ್ಮ ದೊಡ್ಡಪ್ಪನ ಮಗಳ ಮದುವೆ ಅರಸೀಕೆರೆಯಲ್ಲೇ ಆಯ್ತು. ಭಾವನ ಮನೆ ಬೇಲೂರು. ಜಾವಗಲ್, ಹಳೇಬೀಡು ದಾಟಿದ್ರೆ ಅವರ ಊರು. ಭಾವನ ಫ್ರೆಂಡ್ಸ್ ಎಲ್ಲ ಬೆಂಗಳೂರಲ್ಲಿ ಕೆಲಸ ಮಾಡೋರು. ಅವರು "ಅಂಕಲ್, ರಿಸೆಪ್ಷನ್‌ನಲ್ಲಿ ನೀವೊಂದು ಸ್ಪೀಚ್ ಕೊಡಿ" ಅಂದುಬಿಟ್ರು. ದೊಡ್ಡಪ್ಪ ತೆಂಗಿನ ತೋಟದವರು, ಮೈಕ್ ಹಿಡಿದವರಲ್ಲ. "ನೀನು ಓದ್ತೀಯಲ್ಲಮ್ಮ, ಬರ್ಕೊಡು" ಅಂತ ನನಗೆ ಹೇಳಿದ್ರು.

ನಾನು ಎರಡು ಪುಟ ಬರೆದೆ. ಪೂರ್ತಿ ಕೆಟ್ಟದಾಗಿತ್ತು. ಅಕ್ಕ ಓದಿ ಪೆನ್ ತಗೊಂಡು ಹೊಡೆದು ಹಾಕಿದ್ದು ಎರಡು ಜೋಕ್.

ಒಂದು: "ಬೇಲೂರಿನ ದರ್ಪಣ ಸುಂದರಿ ಒಂಬೈನೂರು ವರ್ಷದಿಂದ ಕನ್ನಡಿ ಬಿಟ್ಟಿಲ್ಲ, ನಮ್ಮ ಮಗಳೂ ಹಾಗೇ." ಅಕ್ಕ ಕೇಳಿದ್ಲು, "ಇದನ್ನ ಯಾವ ಹುಡುಗಿ ಮದುವೆಯಲ್ಲಿ ಬೇಕಾದ್ರೂ ಹೇಳಬಹುದಲ್ಲ, ನನ್ನದು ಇದರಲ್ಲಿ ಏನಿದೆ?" ಎರಡು: "ಅಳಿಯಂದ್ರೇ, ಇಷ್ಟು ದಿನ ನಾನು ಸಹಿಸ್ಕೊಂಡೆ, ಇನ್ಮೇಲೆ ನಿಮ್ಮ ಕರ್ಮ." ಈ ಜೋಕಿಗೆ ಎಲ್ಲ ಕಡೆ ನಗು ಬರುತ್ತೆ. ಆದ್ರೆ ಇದು ಕಣ್ವರ ಠೇವಣಿಯೇ. ಹೊರೆ ಇಳಿಸಿದೆ, ನೀನು ಹೊತ್ಕೋ.

ಅಲ್ಲಿಂದ ನಾನು ಕಲಿತದ್ದು: ಜೋಕ್ ಮಗಳ ಮೇಲೆ ಬೀಳಬಾರದು, ಅಪ್ಪನ ಮೇಲೆ ಬೀಳಬೇಕು. ಅವತ್ತು ಛತ್ರದಲ್ಲಿ ತಿರುಗಿ ಉತ್ತರ ಕೊಡೋಕೆ ಆಗದೇ ಇರೋಳು ಅವಳೊಬ್ಬಳೇ.

ಹೆಮ್ಮೆಯ ಭಾಗವೂ ಹಾಳಾಗಿತ್ತು. "ನಮ್ಮ ಮಗಳು ಚಿನ್ನ, ಮನೆಯ ನಂದಾದೀಪ" ಅಂತ ಬರೆದಿದ್ದೆ. ದೊಡ್ಡಪ್ಪ ಕೇಳಿ ಸುಮ್ನಿದ್ರು. ಆಮೇಲೆ ತಾವೇ ಹೇಳಿದ್ರು, "ಕೊಬ್ಬರಿ ಲೆಕ್ಕದ್ದು ಹೇಳಲಾ?" ಅಷ್ಟೊತ್ತಿಗೆ ನನಗೆ ಅರ್ಥ ಆಯ್ತು, ಬರೆಯೋ ಕೆಲಸ ನನ್ನದಲ್ಲ. ನಾನು ಪ್ರಶ್ನೆ ಕೇಳಬೇಕು, ಅವರು ಹೇಳಿದ್ದನ್ನ ಹಾಗೇ ಬರ್ಕೊಬೇಕು.

ಇನ್ನೊಂದು ಬದಲಾವಣೆ ಜಾಗದ್ದು. ನಮ್ಮ ರಿಸೆಪ್ಷನ್ ಹೇಗಿರುತ್ತೆ ಗೊತ್ತಲ್ಲ. ಆರ್ಕೆಸ್ಟ್ರಾ ಸೌಂಡ್, ಕವರ್ ಹಿಡ್ಕೊಂಡು ಫೋಟೋಗೆ ಕ್ಯೂ, ಅರ್ಧ ಜನ ಊಟದ ಹಾಲ್‌ನಲ್ಲಿ. ಅಲ್ಲಿ ಅಪ್ಪ ಏನು ಹೇಳಿದ್ರೂ ಯಾರ ಕಿವಿಗೂ ಬೀಳಲ್ಲ. ಫಾರಿನ್‌ನಲ್ಲಿ ಅದು ನಡೆಯೋದು ಎಲ್ಲರೂ ಒಂದೇ ಹೊತ್ತಿಗೆ ಕೂತಿರ್ತಾರೆ ಅಂತ. ನಮ್ಮಲ್ಲಿ ಹಾಗೆ ಎಲ್ಲರೂ ಕೂತು ಕೇಳೋ ಹೊತ್ತು ಒಂದೇ, ಹೆಣ್ಣೊಪ್ಪಿಸೋದು. ಅದಕ್ಕೇ ಅಲ್ಲಿಗೇ ಇಟ್ವಿ.

(4/5)
ದೊಡ್ಡಪ್ಪ ಹೇಳಿದ್ದು ಇದು, ಅವರ ಒಪ್ಪಿಗೆ ಪಡೆದೇ ಹಾಕ್ತಿದ್ದೀನಿ:

"ಬೀಗರೇ, ಎಲ್ಲರೂ ನಮ್ಮ ಹುಡುಗಿಗೆ ಏನೂ ತಿಳಿಯಲ್ಲ ಅಂತ ಹೇಳ್ತಾರೆ. ನಾನು ಹಾಗೆ ಹೇಳಿದ್ರೆ ಸುಳ್ಳಾಗುತ್ತೆ. ಒಂಬತ್ತನೇ ಕ್ಲಾಸಿಂದ ನಮ್ಮ ಕೊಬ್ಬರಿ ಲೆಕ್ಕ ಬರೆದವಳು ಇವಳು. ಒಂದ್ಸಲ ಮನೇಲಿ ತೂಕ ಮಾಡಿದ್ದಕ್ಕೂ ಚೀಟಿಯಲ್ಲಿ ಬಂದಿದ್ದಕ್ಕೂ ಎಂಟು ಕೆಜಿ ವ್ಯತ್ಯಾಸ. ನಾನು ಹೋಗ್ಲಿ ಬಿಡು ಅಂದೆ. ಇವಳು ಬಿಡಲಿಲ್ಲ, ನನ್ನನ್ನ ಕರ್ಕೊಂಡು ಹೋಗಿ ಮತ್ತೆ ತೂಕ ಹಾಕಿಸಿದ್ಲು. ಅವತ್ತಿಂದ ಲೆಕ್ಕದಲ್ಲಿ ನಾನು ಬಾಯಿ ಹಾಕಿಲ್ಲ.

ಗಾಡಿ ಕಲಿಸ್ತೀನಿ ಅಂತ ಒಂದಿನ ಇವಳ ಹಿಂದೆ ಕೂತೆ. ಕೆರೆ ಏರಿ ಮೇಲೆ ಚೆನ್ನಾಗೇ ಓಡಿಸ್ತಿದ್ಲು. ನಾನೇ ಹೆದರಿ ಬ್ರೇಕ್, ಬ್ರೇಕ್ ಅಂತ ಕಿರುಚಿದೆ. ಹಿಡಿದ್ಲು, ಇಬ್ರೂ ಬಿದ್ವಿ. ಇವಳಿಗೆ ಏನೂ ಆಗಿಲ್ಲ, ನನ್ನ ಪಂಚೆ ಹರಿದುಹೋಯ್ತು. ಅವತ್ತಿಂದ ಹಿಂದೆ ಕೂತು ಕಿರುಚೋದು ಬಿಟ್ಟಿದ್ದೀನಿ. ಇವರಿಬ್ಬರ ಸಂಸಾರದಲ್ಲೂ ಕಿರುಚಲ್ಲ.

ನಾವು ಕಾಯಿನ ಅಟ್ಟಕ್ಕೆ ಹಾಕಿ ವರ್ಷದ ಹತ್ರ ಬಿಡ್ತೀವಿ. ಹಸಿದಾಗ ಒಡೆದು ಕಿತ್ರೆ ಚೂರಾಗುತ್ತೆ. ಒಣಗಿ ತಾನಾಗೇ ಚಿಪ್ಪು ಬಿಟ್ರೆ ಅಲ್ಲಾಡಿಸಿದಾಗ ಸದ್ದು ಬರುತ್ತೆ, ಆಗ ಒಡೆದ್ರೆ ಉಂಡೆ ಇಡಿಯಾಗಿ ಬರುತ್ತೆ. ಇವಳು ಇದೇ ಹುಡುಗ ಅಂತ ಬಂದು ಹೇಳಿದ ದಿನ ನನಗೆ ಆ ಸದ್ದು ಕೇಳಿಸ್ತು.

ಅಳಿಯಂದ್ರೇ, ನೀವೂ ಈಗ ನಮ್ಮನೆಯವರು. ಮಗಳೇ, ಮನೆ ಕೀ ನಿನ್ನ ಬ್ಯಾಗಲ್ಲೇ ಇರಲಿ. ವಾಪಸ್ ಕೇಳಲ್ಲ."

ಗಡಿಯಾರ ನೋಡಿದ್ದೆ. ಎರಡು ನಿಮಿಷದ ಮೇಲೆ ಸ್ವಲ್ಪ.

ಪಂಚೆ ಅಂದಾಗ ಬೀಗರು ಜೋರಾಗಿ ನಕ್ಕರು. ಕಾಯಿ ಮಾತಿಗೆ ಬಂದಾಗ ದೊಡ್ಡಪ್ಪನಿಗೆ ಗಂಟಲು ಕಟ್ಟಿತು. ಅದು ಗೊತ್ತಿತ್ತು, ಮನೆಯಲ್ಲಿ ಓದಿದಾಗಲೂ ಅಲ್ಲೇ ನಿಂತಿದ್ರು. ಅದಕ್ಕೇ ಅದನ್ನ ಕೊನೇ ಮಾತು ಮಾಡಿರಲಿಲ್ಲ. ಅಲ್ಲಿ ನಿಂತ್ರೂ ಆಮೇಲೆ ಹೇಳೋಕೆ ಚಿಕ್ಕ ಮಾತು ಉಳಿದಿರಬೇಕು. ದೊಡ್ಡ ಅಕ್ಷರದಲ್ಲಿ ಬರೆದ ಇನ್ನೊಂದು ಹಾಳೆ ತಮ್ಮನ ಜೇಬಲ್ಲಿತ್ತು, ಆಗಲೇ ಇಲ್ಲ ಅಂದ್ರೆ ಅವನು ಓದೋದು ಅಂತ. ಬೇಕಾಗಲಿಲ್ಲ. ಒಂದು ಲೋಟ ನೀರು ಕುಡಿದು ಮುಗಿಸಿದ್ರು.

(5/5)
ಎಲ್ಲರಿಗೂ ಇಷ್ಟ ಆಗಲಿಲ್ಲ. ನಮ್ಮ ಕಡೆಯ ಒಬ್ಬರು ಹಿರಿಯರು ಕಾರ್ ಹತ್ರ ನಿಂತು, "ಹೆಣ್ಣಿನ ಕಡೆಯವರು ತಗ್ಗಿ ಮಾತಾಡಬೇಕಪ್ಪ, ಕೀ ಗೀ ಅಂದ್ರೆ ಹುಡುಗಿ ಎರಡೇ ದಿನಕ್ಕೆ ಬ್ಯಾಗ್ ಹಿಡ್ಕೊಂಡು ಬರ್ತಾಳೆ" ಅಂದ್ರು. ಅವರ ಭಯ ನನಗೆ ಅರ್ಥ ಆಗುತ್ತೆ. ತಗ್ಗಿ ಮಾತಾಡಿದ್ರೆ ಅವಳನ್ನ ಚೆನ್ನಾಗಿ ನೋಡ್ಕೊತಾರೆ ಅನ್ನೋ ಲೆಕ್ಕ ಅದು. ಆದ್ರೆ ಏನೂ ತಿಳಿಯದವಳು ಅಂತ ಅಪ್ಪನೇ ಐವತ್ತು ಜನರ ಮುಂದೆ ಹೇಳಿದ ಮೇಲೆ, ನಾಳೆ ಅವಳು ಅಲ್ಲಿ ಏನಾದ್ರೂ ಹೇಳಿದಾಗ ಯಾರು ಕೇಳ್ತಾರೆ? ಕೀ ಮಾತು ಹೇಳಿದ್ರೆ ಮಗಳು ಓಡಿ ಬರಲ್ಲ. ಬರಲೇಬೇಕಾದ ದಿನ ಬಾಗಿಲಲ್ಲಿ ನಿಂತು ಯೋಚನೆ ಮಾಡಲ್ಲ, ಅಷ್ಟೆ. ಶಕುಂತಲೆಗೆ ಇಲ್ಲದೇ ಇದ್ದದ್ದು ಅದೊಂದೇ.

ಕಾನೂನು ಕೂಡ ಕುಲಕ್ಕೆ ಹೊರಗೆ ಅನ್ನಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಮದುವೆ ಆಗಿದ್ರೂ ಕೂಡ. ಕಾಗದದ ಮೇಲೆ ಮನೆಯವಳಾಗಿರೋಳನ್ನ ಬಾಯಲ್ಲಿ ಮಾತ್ರ ಯಾಕೆ ಹೊರಗಿಡಬೇಕು?

ನಿಮ್ಮನೆಯಲ್ಲಿ ಈ ಸೀಸನ್ ಅಕ್ಕನದೋ ಅತ್ತೆ ಮಗಳದೋ ಮದುವೆ ಇದ್ರೆ, ಅಪ್ಪಂದಿರಿಗೆ ಭಾಷಣ ಬರ್ಕೊಡಬೇಡಿ. ಪಕ್ಕದಲ್ಲಿ ಕೂತು ಮೂರು ವಿಷಯ ಕೇಳಿ. ಅವಳು ನಿಮ್ಮನ್ನ ತಿದ್ದಿದ್ದು ಯಾವಾಗ? ಅವಳ ಮುಂದೆ ನೀವು ಪೆದ್ದಾಗಿದ್ದು ಯಾವಾಗ? ಅವಳು ದೊಡ್ಡವಳಾದ್ಲು ಅಂತ ನಿಮಗೆ ಗೊತ್ತಾಗಿದ್ದು ಯಾವತ್ತು? ಅವರು ಹೇಳಿದ್ದನ್ನ ಅವರ ಮಾತಲ್ಲೇ ಬರ್ಕೊಳ್ಳಿ. ಆಮೇಲೆ ಮೊದಲು ಹುಡುಗಿಗೆ ತೋರಿಸಿ, ಅವಳು ಬೇಡ ಅಂದದ್ದನ್ನ ತೆಗೀರಿ.

ಅಕ್ಕ ಬೇಲೂರಿಗೆ ಹೋಗಿ ನಾಲ್ಕು ತಿಂಗಳಾಯ್ತು. ಹೋದ ವಾರ ಬಂದಿದ್ಲು. ದೊಡ್ಡಪ್ಪ ತೋಟದಲ್ಲಿದ್ರು, ಮನೆಗೆ ಬೀಗ ಹಾಕಿತ್ತು. ಅವಳು ಯಾರಿಗೂ ಫೋನ್ ಮಾಡಲಿಲ್ಲ. ಬೀಗ ತೆಗೆದು, ಟೀ ಮಾಡ್ಕೊಂಡು, ಕೊಬ್ಬರಿ ಲೆಕ್ಕದ ಪುಸ್ತಕ ತೆಗೆದು ನೋಡ್ತಾ ಕೂತಿದ್ಲು. ನಾಲ್ಕು ತಿಂಗಳಿಂದ ಯಾರೂ ಏನೂ ಬರೆದಿರಲಿಲ್ಲ. ಆ ವಿಷಯಕ್ಕೆ ಮಾತ್ರ ದೊಡ್ಡಪ್ಪನಿಗೆ ಚೆನ್ನಾಗಿ ಬೈಗುಳ ಬಿತ್ತು.

ನಿಮ್ಮನೆಯಲ್ಲಿ ಹೆಣ್ಣೊಪ್ಪಿಸುವಾಗ ಅಪ್ಪ ಏನು ಹೇಳಿದ್ರು? ಕಾಮೆಂಟ್‌ನಲ್ಲಿ ಬರೀರಿ, ಎಲ್ಲಾನೂ ಓದ್ತೀನಿ.

#ಹೆಣ್ಣೊಪ್ಪಿಸೋದು #ಅರಸೀಕೆರೆ #ಬೇಲೂರು #ಅಪ್ಪಮಗಳು