11 ತಿಂಗಳ ಕರಾರು ಮುಗಿದು ವರ್ಷವಾಯ್ತು, ಮಾಲೀಕರು ಬಾಡಿಗೆ ಏರಿಸಿದರು: ಅಂಗಡಿಕಾರರ ಕೈಯಲ್ಲಿ ಏನಿದೆ?

ಚಿಕ್ಕೋಡಿ: ‘ಮುಂದಿನ ತಿಂಗಳಿಂದ ಹದಿನಾಲ್ಕು ಸಾವಿರ ಕೊಡ್ರಿ, ಆಗೂದಿಲ್ಲಂದ್ರ ಅಂಗಡಿ ಖಾಲಿ ಮಾಡ್ರಿ.’ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಪೇಟೆಗಳಲ್ಲಿ ಬಾಡಿಗೆ ಮಳಿಗೆ ಹಿಡಿದು ವ್ಯಾಪಾರ ಮಾಡುವವರಿಗೆ ಈ ಮಾತು ಹೊಸದಲ್ಲ. ಮಾತು ಬಂದ ದಿನ ಬಹಳಷ್ಟು ಅಂಗಡಿಕಾರರು ಮೊದಲು ಹುಡುಕುವುದು ಹಳೆಯ ಕರಾರು ಪತ್ರವನ್ನು. ತೆಗೆದು ನೋಡಿದರೆ ಅದರ 11 ತಿಂಗಳು ಎಂದೋ ಮುಗಿದಿರುತ್ತದೆ. ಆಮೇಲೆ ಹೊಸ ಪತ್ರ ಮಾಡಿರುವುದಿಲ್ಲ. ಬಾಡಿಗೆ ಮಾತ್ರ ತಿಂಗಳು ತಿಂಗಳು ಹೋಗುತ್ತಲೇ ಇರುತ್ತದೆ.

ಹೀಗಿರುವಾಗ ಬಾಡಿಗೆದಾರರ ಹಕ್ಕು ಎಷ್ಟು? ಮಾಲೀಕರ ಮುಂದೆ ಏನು ಇಟ್ಟರೆ ಮಾತು ನಡೆದೀತು?

ಕರಾರು ಮುಗಿದ ಮೇಲೆ ಉಳಿಯುವುದು 15 ದಿನ

ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 116ನೇ ಕಲಂ ಪ್ರಕಾರ ಬಾಡಿಗೆ ಸಂಬಂಧ ಮುಂದುವರಿಯುತ್ತದೆ. ಆದರೆ ಅಂಗಡಿಯ ಮಟ್ಟಿಗೆ ಅದು ತಿಂಗಳಿಂದ ತಿಂಗಳಿಗೆ ಮಾತ್ರ. ಅದೇ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನಗಳ ಲಿಖಿತ ನೋಟಿಸ್ ಕೊಟ್ಟು ಅದನ್ನು ಮುಗಿಸಬಹುದು. ‘ಇಪ್ಪತ್ತು ವರ್ಷದಿಂದ ಇಲ್ಲೇ ಅದೀನಿ’ ಎಂಬುದು ನೋಟಿಸ್ ಅವಧಿಯನ್ನು ಹೆಚ್ಚಿಸುವುದಿಲ್ಲ.

‘ಬಾಡಿಗೆ ಕಾಯ್ದೆ ಐತಲ್ಲ’ ಎಂದು ನಂಬಿ ಕುಳಿತವರೂ ಇದ್ದಾರೆ. ಕರ್ನಾಟಕ ಬಾಡಿಗೆ ಕಾಯ್ದೆ 1999 ವ್ಯಾಪಾರದ ಮಳಿಗೆಗಳ ಪೈಕಿ 14 ಚದರ ಮೀಟರ್ ದಾಟದವುಗಳಿಗೆ ಮಾತ್ರ ತಾಗುತ್ತದೆ, ಅದಕ್ಕೂ ಊರು ಮತ್ತು ಬಾಡಿಗೆ ಮೊತ್ತದ ಮಿತಿಗಳಿವೆ. 14 ಚದರ ಮೀಟರ್ ಎಂದರೆ ಸುಮಾರು 150 ಚದರ ಅಡಿ, ಅಂದರೆ 10×15 ಅಡಿಯ ಮಳಿಗೆ. 10×20 ಅಡಿಯದ್ದಾದರೆ ಆ ಕಾಯ್ದೆಯ ಹೊರಗೇ ಉಳಿಯುತ್ತದೆ. ಅಲ್ಲಿ ಬಾಡಿಗೆ ಎಷ್ಟು ಏರಬೇಕು ಎಂಬುದಕ್ಕೆ ಕಾನೂನಿನ ಕಡಿವಾಣವಿಲ್ಲ, ಕರಾರಿನಲ್ಲಿ ಬರೆದದ್ದೇ ಕಡಿವಾಣ.

ಹಾಗೆಂದು ಮಾಲೀಕರು ರಾತ್ರೋರಾತ್ರಿ ಬೀಗ ಜಡಿಯುವಂತಿಲ್ಲ. ನೋಟಿಸ್ ಮುಗಿದ ಮೇಲೂ ಬಾಡಿಗೆದಾರ ಬಿಡದಿದ್ದರೆ ಅವರು ನ್ಯಾಯಾಲಯದ ಮೂಲಕವೇ ಖಾಲಿ ಮಾಡಿಸಬೇಕು. ಕಾನೂನು ಬಿಟ್ಟು ಹೊರಹಾಕಿದರೆ, ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ಆರು ತಿಂಗಳೊಳಗೆ ಸ್ವಾಧೀನ ಮರಳಿ ಕೇಳಿ ದಾವೆ ಹೂಡಬಹುದು. ಇದು ಸ್ವಲ್ಪ ಸಮಯ ಕೊಡುತ್ತದೆ. ಆದರೆ ಕೋರ್ಟಿಗೆ ಅಲೆದು ಅದೇ ಕಟ್ಟಡದಲ್ಲಿ ನೆಮ್ಮದಿಯ ವ್ಯಾಪಾರ ಮಾಡುವುದು ಕಷ್ಟ. ಆದ್ದರಿಂದ ನೋಟಿಸ್ ಬರುವ ಮೊದಲೇ ನವೀಕರಣ ಕೇಳುವುದು ಮೇಲು.

‘ತುಟ್ಟಿ ಆತು’ ಅಂದರೆ ಸಾಲದು, ಲೆಕ್ಕ ಬೇಕು

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. 10×20 ಅಡಿಯ ಸ್ಟೇಷನರಿ ಅಂಗಡಿ. ಈಗಿನ ಬಾಡಿಗೆ 9,000 ರೂಪಾಯಿ. ಮಾಲೀಕರು ಕೇಳುತ್ತಿರುವುದು 14,000. ತಿಂಗಳ ವ್ಯಾಪಾರ 2,40,000 ರೂಪಾಯಿ. ಅದರಲ್ಲಿ ಶೇ 15ರಷ್ಟು ಗಳಿಕೆ ಎಂದರೆ 36,000. ಕೆಲಸದ ಹುಡುಗನಿಗೆ 8,000, ಕರೆಂಟು ಮತ್ತು ಇತರೆ ಖರ್ಚು 3,000, ಬಾಡಿಗೆ 9,000 ಕಳೆದರೆ ಮನೆಗೆ ಉಳಿಯುವುದು 16,000.

ಬಾಡಿಗೆ 14,000 ಆದರೆ ಉಳಿಯುವುದು 11,000. ಕಳೆದುಹೋದ 5,000 ಮತ್ತೆ ಗಳಿಸಲು ಶೇ 15ರ ಲಾಭದಲ್ಲಿ ತಿಂಗಳಿಗೆ ಇನ್ನೂ 33,000ಕ್ಕೂ ಹೆಚ್ಚು ವ್ಯಾಪಾರ ಆಗಬೇಕು. ಅಷ್ಟು ಆಗುವ ಜಾಗವೋ ಅಲ್ಲವೋ ಎಂಬುದು ಅಂಗಡಿಕಾರರಿಗೇ ಗೊತ್ತು. ತಾವು ಎಷ್ಟರವರೆಗೆ ಏರಬಹುದು ಎಂಬ ಗೆರೆಯನ್ನು ಮಾತಿಗೆ ಹೋಗುವ ಮೊದಲೇ ಹೀಗೆ ಎಳೆದುಕೊಳ್ಳಬೇಕು. ಈ ಉದಾಹರಣೆಯಲ್ಲಿ 10,500ರಿಂದ ಶುರು ಮಾಡಿ, ವರ್ಷಕ್ಕೆ ಶೇ 5 ಏರಿಕೆಯೊಂದಿಗೆ ಮೂರು ವರ್ಷಕ್ಕೆ ಕೇಳುತ್ತಾರೆ ಎಂದುಕೊಳ್ಳಿ. ಎರಡನೇ ವರ್ಷ 11,025, ಮೂರನೇ ವರ್ಷ ಸುಮಾರು 11,576 ಆಗುತ್ತದೆ.

ಇನ್ನು ಮಾಲೀಕರ ಕಡೆಯ ಲೆಕ್ಕ. ಈ ಪ್ರಸ್ತಾವ ಒಪ್ಪಿದರೆ ಮೂರು ವರ್ಷಕ್ಕೆ ಅವರಿಗೆ ಸಿಗುವುದು ಸುಮಾರು 3,97,000 ರೂಪಾಯಿ. ಒಪ್ಪದೆ ಖಾಲಿ ಮಾಡಿಸಿ, ಮೂರು ತಿಂಗಳು ಮಳಿಗೆ ಖಾಲಿ ಬಿದ್ದು, ಆಮೇಲೆ 12,000ಕ್ಕೆ ಬೇರೆಯವರು ಬಂದರೆ 33 ತಿಂಗಳಿಗೆ ಸಿಗುವುದು 3,96,000. ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ನಿಜವಾಗಿಯೂ 14,000 ಕೊಡುವವರು ಸಿಕ್ಕರೆ ಅದೇ 33 ತಿಂಗಳಿಗೆ 4,62,000 ಬರುತ್ತದೆ. ಆಗ ‘ಮಳಿಗಿ ಖಾಲಿ ಬಿದ್ದರ ನಿಮಗೇ ಲುಕ್ಸಾನು’ ಎಂಬ ಮಾತು ನಿಲ್ಲುವುದಿಲ್ಲ.

ಹಾಗಾಗಿ ಇಡೀ ಮಾತು ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಆ ಸಾಲಿನಲ್ಲಿ ಇವತ್ತಿನ ನಿಜವಾದ ಬಾಡಿಗೆ ಎಷ್ಟು? ಇಪ್ಪತ್ತು ವರ್ಷದಿಂದ ಇರುವವರ ಬಾಡಿಗೆ ಇದಕ್ಕೆ ಅಳತೆಯಲ್ಲ. ಕಳೆದ ಒಂದು ವರ್ಷದಲ್ಲಿ ಹೊಸದಾಗಿ ಮಳಿಗೆ ಹಿಡಿದ ಮೂರು ನಾಲ್ಕು ಜನರನ್ನು ಕೇಳಬೇಕು. ಮಳಿಗೆ ಎಷ್ಟು ಅಡಿ, ರಸ್ತೆಗೆ ಮುಖವೋ ಒಳಗೋ, ಡಿಪಾಸಿಟ್ ಎಷ್ಟು ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು. ಬಸ್ ನಿಲ್ದಾಣದ ಎದುರಿನ ಮಳಿಗೆಯನ್ನೂ ಓಣಿಯ ಒಳಗಿನ ಮಳಿಗೆಯನ್ನೂ ಹೋಲಿಸಿದರೆ ಮಾಲೀಕರು ಅಲ್ಲೇ ಮಾತು ಕತ್ತರಿಸುತ್ತಾರೆ.

ಬಾಡಿಗೆಗೆ ಒಪ್ಪದ ಮಾಲೀಕರು ಕೆಲವೊಮ್ಮೆ ಡಿಪಾಸಿಟ್ ಹೆಚ್ಚಿಸಿದರೆ ಒಪ್ಪುತ್ತಾರೆ. ಕೈಯಲ್ಲಿರುವ ಹಣದಿಂದ 50,000 ಹೆಚ್ಚು ಕೊಟ್ಟರೆ, ಶೇ 7ರ ಬ್ಯಾಂಕ್ ಬಡ್ಡಿ ಬಿಟ್ಟಂತಾಗಿ ತಿಂಗಳಿಗೆ ಬೀಳುವ ಹೊರೆ 300 ರೂಪಾಯಿಯೊಳಗೆ. ಅದೇ ಹಣವನ್ನು ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದರೆ ಹೊರೆ ತಿಂಗಳಿಗೆ 1,000. ಯಾವುದೇ ಇರಲಿ, ಕೊಟ್ಟ ಹಣ ಪತ್ರದಲ್ಲಿ ಬರಬೇಕು. ರಸೀದಿ ಇಲ್ಲದೆ ಕೊಟ್ಟ ಪಗಡಿ ಹಣವನ್ನು ಬಿಡುವ ದಿನ ಮರಳಿ ಕೇಳಲು ಆಧಾರ ಇರುವುದಿಲ್ಲ.

ಜಿಎಸ್‌ಟಿ ಯಾರು ಕಟ್ಟಬೇಕು?

ಈಗ ಈ ಮಾತಿಗೆ ಇನ್ನೊಂದು ಅಂಶ ಸೇರಿದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟ ಮೇಲೆ ಸಣ್ಣ ವ್ಯಾಪಾರಿಗಳಲ್ಲಿ ಜಿಎಸ್‌ಟಿ ನೋಂದಣಿಯ ಚರ್ಚೆ ಜೋರಾಯಿತು. ನೋಂದಣಿ ಮಾಡಿಸಿದವರು ತಿಳಿಯಬೇಕಾದ್ದು: 2024ರ ಅಕ್ಟೋಬರ್ 10ರಿಂದ, ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದೆ ಬಾಡಿಗೆದಾರರಿಗೆ ಇದ್ದರೆ, ಮಳಿಗೆ ಬಾಡಿಗೆಯ ಮೇಲಿನ ಶೇ 18 ತೆರಿಗೆಯನ್ನು ಬಾಡಿಗೆದಾರರೇ ಕಟ್ಟಬೇಕು. 10,500 ಬಾಡಿಗೆಗೆ ಇದು ತಿಂಗಳಿಗೆ 1,890 ರೂಪಾಯಿ.

ಕಾಂಪೋಸಿಶನ್ ಯೋಜನೆಯಲ್ಲಿರುವವರನ್ನು 2025ರ ಜನವರಿಯ ಅಧಿಸೂಚನೆಯಿಂದ ಇದರಿಂದ ಹೊರಗಿಡಲಾಗಿದೆ. ಸಾಮಾನ್ಯ ನೋಂದಣಿ ಇರುವವರು ಕಟ್ಟಿದ ತೆರಿಗೆಯನ್ನು ತಮ್ಮ ಮಾರಾಟದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ತೆರಿಗೆ ಇಲ್ಲದ ಮಾಲನ್ನು ಮಾರುವ ಮಟ್ಟಿಗೆ ಆ ಸೌಲಭ್ಯ ಸಿಗುವುದಿಲ್ಲ, ಅದು ನೇರ ಖರ್ಚು. ಆದ್ದರಿಂದ ಬಾಡಿಗೆ ಮಾತಾಡುವ ಮೊದಲು ತಾವು ಯಾವ ಸಾಲಿನಲ್ಲಿದ್ದೇವೆ ಎಂದು ಲೆಕ್ಕಪತ್ರ ನೋಡುವವರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಪತ್ರ ಹೀಗಿರಲಿ

ಕರಾರು ಮುಗಿಯುವ ಎರಡು ಮೂರು ತಿಂಗಳು ಮೊದಲೇ ಕೇಳಬೇಕು. ದೀಪಾವಳಿ ಮಾಲು ತುಂಬಿದ ಮೇಲೆ ಮಾತಿಗೆ ಕುಳಿತರೆ ಬಾಡಿಗೆದಾರ ಎಲ್ಲಿಗೂ ಹೋಗಲಾರ ಎಂಬುದು ಮಾಲೀಕರಿಗೂ ಗೊತ್ತಿರುತ್ತದೆ. ಮೊದಲು ಎದುರು ಕುಳಿತು ಮಾತಾಡಿ, ಅದೇ ವಾರ ಪತ್ರ ಕೊಟ್ಟು, ಪ್ರತಿಯ ಮೇಲೆ ಸಹಿ ಪಡೆಯುವುದು ರೂಢಿಗೂ ಒಗ್ಗುತ್ತದೆ. ಪತ್ರ ಉದ್ದ ಇರಬೇಕಿಲ್ಲ:

‘ಮಾನ್ಯ ಮಾಲೀಕರಿಗೆ ನಮಸ್ಕಾರಗಳು. ತಮ್ಮ ಕಟ್ಟಡದ ಮಳಿಗೆಯಲ್ಲಿ ನಾನು ಬಾಡಿಗೆಗೆ ಇದ್ದು, ಕರಾರು ಇಂಥ ದಿನಾಂಕಕ್ಕೆ ಮುಗಿಯುತ್ತದೆ. ಇಲ್ಲಿಯವರೆಗೆ ಬಾಡಿಗೆ ಬಾಕಿ ಇಲ್ಲ. ಮೂರು ವರ್ಷಕ್ಕೆ ನವೀಕರಿಸಲು ವಿನಂತಿ. ಮೊದಲ ವರ್ಷ ತಿಂಗಳಿಗೆ 10,500 ರೂಪಾಯಿ, ನಂತರ ವರ್ಷಕ್ಕೆ ಶೇ 5 ಏರಿಕೆ ಕೊಡಲು ಸಿದ್ಧನಿದ್ದೇನೆ. ಇದೇ ಸಾಲಿನಲ್ಲಿ ಈ ವರ್ಷ ಹಿಡಿದ ಮಳಿಗೆಗಳ ಬಾಡಿಗೆ ವಿವರ ಜೊತೆಗಿದೆ. ನೋಂದಣಿ ಖರ್ಚಿನ ಅರ್ಧ ನಾನು ಕೊಡುತ್ತೇನೆ. ತಮ್ಮ ಅಭಿಪ್ರಾಯವನ್ನು 15 ದಿನದೊಳಗೆ ತಿಳಿಸಬೇಕಾಗಿ ಕೋರಿಕೆ.’

ಇಲ್ಲಿ ‘ನೋಂದಣಿ’ ಎಂಬ ಪದ ಸುಮ್ಮನೆ ಬಂದಿಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪ ನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಬಾಂಡ್ ಪೇಪರಿನ ಮೇಲೆ ಮೂರು ವರ್ಷ ಎಂದು ಬರೆದು ನೋಟರಿ ಸಹಿ ಹಾಕಿಸಿದರೂ, ನೋಂದಣಿ ಇಲ್ಲದಿದ್ದರೆ ಆ ಮೂರು ವರ್ಷ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಮತ್ತೆ 15 ದಿನದ ಬಾಡಿಗೆಯೇ ಆಗುತ್ತದೆ. ಖರ್ಚು ಉಳಿಸಲೆಂದೇ 11 ತಿಂಗಳ ಪತ್ರ ಬಳಕೆಗೆ ಬಂದಿದೆ. ಅದನ್ನೇ ಮಾಡುವುದಾದರೆ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಪ್ರತಿ ಸಲ ಹೊಸ ಪತ್ರ ಮಾಡಿಸಬೇಕು. ಮೂರು ವರ್ಷದ ಪತ್ರ ಮಾಡಿದರೆ, ವ್ಯಾಪಾರ ಕುಸಿದಾಗ ಬಾಡಿಗೆದಾರರು ಎರಡು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು ಎಂಬ ಸಾಲೂ ಇರಲಿ. ಇಲ್ಲದಿದ್ದರೆ ಆ ಪತ್ರ ಅವರನ್ನೂ ಕಟ್ಟಿಹಾಕುತ್ತದೆ.

ಕೃಷ್ಣಾ, ದೂಧಗಂಗಾ, ವೇದಗಂಗಾ ತೀರದ ಊರುಗಳ ಅಂಗಡಿಕಾರರಿಗೆ ಇನ್ನೊಂದು ಸಾಲು ಬೇಕು. 2019ರ ಆಗಸ್ಟ್ ಪ್ರವಾಹ ಈ ಭಾಗ ಮರೆತಿಲ್ಲ. ಪ್ರವಾಹದಿಂದ ಕಟ್ಟಡ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಬಾಡಿಗೆದಾರರು ಕರಾರು ಕೊನೆಗೊಳಿಸಬಹುದು ಎನ್ನುತ್ತದೆ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ. ಆದರೆ ಹದಿನೈದು ದಿನ ನೀರು ನಿಂತು ಇಳಿದರೆ ಆ ಕಲಂ ಬಾಡಿಗೆ ಮಾಫಿ ಕೊಡಿಸುವುದಿಲ್ಲ. ಕೊರೊನಾ ಲಾಕ್‌ಡೌನ್ ಸಮಯದಲ್ಲೂ ಇದೇ ಪ್ರಶ್ನೆ ಬಂದಿತ್ತು. ಖಾನ್ ಮಾರ್ಕೆಟ್‌ನ ಅಂಗಡಿಯೊಂದರ ಪ್ರಕರಣದಲ್ಲಿ 2020ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್, ಮಳಿಗೆ ತನ್ನ ಸ್ವಾಧೀನದಲ್ಲಿ ಇಟ್ಟುಕೊಂಡ ಬಾಡಿಗೆದಾರ ಬಾಡಿಗೆ ನಿಲ್ಲಿಸುವಂತಿಲ್ಲ, ಕರಾರಿನಲ್ಲಿ ಏನಿದೆ ಎಂಬುದೇ ಮುಖ್ಯ ಎಂದಿತು. ‘ನೀರು ನುಗ್ಗಿ ಅಂಗಡಿ ಮುಚ್ಚಿದ ದಿನಗಳಿಗೆ ಬಾಡಿಗೆ ಇಲ್ಲ’ ಎಂಬುದನ್ನು ನವೀಕರಣದ ದಿನವೇ ಬರೆಸಿಕೊಳ್ಳಬೇಕು. ಏರಿಕೆಗೆ ಒಪ್ಪುವ ಹೊತ್ತಿನಲ್ಲಿ ಇದನ್ನು ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು.

ಮಾತು ನಡೆಯುತ್ತಿರುವಾಗ ಹಳೆಯ ಬಾಡಿಗೆ ನಿಲ್ಲಿಸಬಾರದು. ಬಾಕಿ ಉಳಿದರೆ ಮಾಲೀಕರ ನೋಟಿಸಿಗೆ ಕಾರಣ ತಾವೇ ಕೊಟ್ಟಂತೆ. ಕೈಯಲ್ಲಿ ತೆಗೆದುಕೊಳ್ಳಲು ಒಪ್ಪದಿದ್ದರೆ ಬ್ಯಾಂಕ್ ಖಾತೆಗೆ ಹಾಕಬೇಕು ಅಥವಾ ಮನಿ ಆರ್ಡರ್ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು.

ನಗರಸಭೆ, ಪುರಸಭೆ ಮಳಿಗೆಗಳ ದಾರಿ ಬೇರೆ. ಅಲ್ಲಿ ಅವಧಿ ಮುಗಿದ ಮೇಲೆ ಸಾಮಾನ್ಯವಾಗಿ ಬಹಿರಂಗ ಹರಾಜು ನಡೆಯುತ್ತದೆ, ಮಾಲೀಕರೊಬ್ಬರ ಜೊತೆ ಕುಳಿತು ದರ ಹೊಂದಿಸುವ ಅವಕಾಶ ಇರುವುದಿಲ್ಲ. ಖಾಸಗಿ ಮಳಿಗೆಯಲ್ಲಿ ಆ ಅವಕಾಶ ಇದೆ, ಆದರೆ ಕರಾರಿನ ದಿನಾಂಕ ದಾಟಿದಷ್ಟೂ ಅದು ಕಿರಿದಾಗುತ್ತದೆ. ಇವತ್ತು ಅಂಗಡಿ ಬಾಗಿಲು ಹಾಕುವ ಮೊದಲು ಗಲ್ಲಾದ ಕೆಳಗಿನ ಆ ಪತ್ರ ತೆಗೆದು ಕೊನೆಯ ದಿನಾಂಕ ಯಾವುದು ಎಂದು ಒಮ್ಮೆ ನೋಡಿಕೊಳ್ಳಬಹುದು.